ಕಂಪ್ಯಾರೇಟರ್ ಹಾಕಿದ ಮೇಲೆ ಎಣಿಕೆ ಇನ್ನಷ್ಟು ಕೆಟ್ಟಿದ್ದೇಕೆ?

ಪ್ರಶ್ನೆ: ವಿದ್ಯುತ್ ಪೂರೈಕೆಯ 50 ಹರ್ಟ್ಸ್ ಸೈನ್ ತರಂಗ ಸೊನ್ನೆ ದಾಟುವ ಕ್ಷಣವನ್ನು ಹಿಡಿದು, ವೋಲ್ಟೇಜ್ ಮತ್ತು ಕರೆಂಟಿನ ನಡುವಿನ ಕೋನವನ್ನು ಅಳೆಯಬೇಕೆಂದಿದ್ದೇನೆ. 9 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರ್‌ನ ಹೊರವೋಲ್ಟೇಜನ್ನು ಎರಡು ರೆಸಿಸ್ಟರ್‌ಗಳಿಂದ ಸುಮಾರು 1 ವೋಲ್ಟ್ ಪೀಕ್‌ಗೆ ಇಳಿಸಿ, 2.5 ವೋಲ್ಟಿನ ಮಧ್ಯಬಿಂದುವಿಗೆ ಹೋಲಿಸುತ್ತಿದ್ದೇನೆ. ಮೊದಲು ಎಲ್‌ಎಂ358 ಆಪ್‌-ಆಂಪನ್ನು ಫೀಡ್‌ಬ್ಯಾಕ್ ಇಲ್ಲದೆ ಬಳಸಿದೆ. ಮೈಕ್ರೊಕಂಟ್ರೋಲರ್ ಸೆಕೆಂಡಿಗೆ 50 ಎಣಿಸಬೇಕಿತ್ತು. 50, 51, ಒಮ್ಮೊಮ್ಮೆ 53 ಬರುತ್ತಿತ್ತು. ‘ಆಪ್‌-ಆಂಪ್ ಈ ಕೆಲಸಕ್ಕಲ್ಲ, ಕಂಪ್ಯಾರೇಟರ್ ಹಾಕು’ ಎಂದು ಗೆಳೆಯನೊಬ್ಬ ಹೇಳಿದ. ಅದೇ ಸಾಕೆಟ್ಟಿಗೆ ಎಲ್‌ಎಂ393 ಹಾಕಿದರೆ ಹೊರತುದಿ ಅಲುಗಾಡದೆ ಸೊನ್ನೆಯಲ್ಲಿ ಕುಳಿತಿತು. ಪುಲ್‌-ಅಪ್ ರೆಸಿಸ್ಟರ್ ಬೇಕೆಂದು ತಿಳಿದು ಅದನ್ನೂ ಹಾಕಿದೆ. ಈಗ ಎಣಿಕೆ 120 ದಾಟುತ್ತದೆ, ಕೆಲವೊಮ್ಮೆ 300! ಚಿಪ್ ಕೆಟ್ಟಿದೆಯೇ? ಎರಡಕ್ಕೂ ಚಿಹ್ನೆ ಒಂದೇ ತ್ರಿಕೋನ, ಕಾಲುಗಳ ಜೋಡಣೆಯೂ ಒಂದೇ. ಹಾಗಾದರೆ ವ್ಯತ್ಯಾಸವೇನು?

ಉತ್ತರ: ಚಿಪ್ ಚೆನ್ನಾಗಿದೆ. ಮೊದಲಿನದಕ್ಕಿಂತ ನಿಜವನ್ನೇ ಹೇಳುತ್ತಿದೆ ಎನ್ನಬೇಕು. ನಿಮ್ಮ ಸಂಕೇತ ಸೊನ್ನೆಯ ಬಳಿ ನಿಜವಾಗಿಯೂ ಹಲವು ಸಲ ಹಿಂದೆ ಮುಂದೆ ದಾಟುತ್ತಿದೆ. ಎಲ್‌ಎಂ358 ನಿಧಾನಿ, ಹಾಗಾಗಿ ಆ ದಾಟುಗಳಲ್ಲಿ ಬಹುಪಾಲನ್ನು ನುಂಗಿಹಾಕುತ್ತಿತ್ತು. ಎಲ್‌ಎಂ393 ಚುರುಕು, ಎಲ್ಲವನ್ನೂ ಲೆಕ್ಕಕ್ಕೆ ತಂದಿತು. ನಿಮ್ಮ ಗೆಳೆಯ ಹೇಳಿದ್ದು ಸರಿಯೇ. ಆದರೆ ಅದು ಅರ್ಧ ಮಾತು.

ಒಳಗೆ ನೋಡಿದರೆ ಆಪ್‌-ಆಂಪ್ ಮತ್ತು ಕಂಪ್ಯಾರೇಟರ್ ಅಣ್ಣತಮ್ಮಂದಿರು. ಎರಡಕ್ಕೂ ಎರಡು ಒಳತುದಿಗಳು, ಎರಡೂ ಅವುಗಳ ವ್ಯತ್ಯಾಸವನ್ನು ಲಕ್ಷದ ಆಸುಪಾಸಿನಷ್ಟು ಪಟ್ಟು ಹಿಗ್ಗಿಸುತ್ತವೆ. ಬೇರೆಯಾಗುವುದು ಒಂದು ಚಿಕ್ಕ ಕೆಪಾಸಿಟರ್‌ನಲ್ಲಿ. ಆಪ್‌-ಆಂಪನ್ನು ವಿನ್ಯಾಸ ಮಾಡುವವರು ಅದು ಫೀಡ್‌ಬ್ಯಾಕ್‌ನೊಂದಿಗೆ ಬಾಳುತ್ತದೆ ಎಂದುಕೊಂಡಿರುತ್ತಾರೆ. ಆಗ ಅದು ಆಂದೋಲನಕ್ಕೆ ಬೀಳದಿರಲೆಂದು ಒಳಗೆ ಕೆಲವು ಪಿಕೊಫ್ಯಾರಡ್‌ಗಳ ಕೆಪಾಸಿಟರ್ ಇಟ್ಟು ಅದರ ವೇಗಕ್ಕೆ ಕಡಿವಾಣ ಹಾಕುತ್ತಾರೆ. ಹಳೆಯ 741ರಲ್ಲಿ ಅದು 30 ಪಿಕೊಫ್ಯಾರಡ್. ಹೊರತುದಿ ಮೇಲೇರಬೇಕಾದರೆ ಆ ಕೆಪಾಸಿಟರ್ ತುಂಬಬೇಕು, ಇಳಿಯಬೇಕಾದರೆ ಬರಿದಾಗಬೇಕು. ಎಲ್‌ಎಂ358ರಲ್ಲಿ ಈ ವೇಗ ಮೈಕ್ರೊಸೆಕೆಂಡಿಗೆ ಸುಮಾರು 0.3 ವೋಲ್ಟ್. 5 ವೋಲ್ಟ್ ಪೂರೈಕೆಯಲ್ಲಿ ಅದು ಸೊನ್ನೆಯ ಬಳಿಯಿಂದ 3.5 ವೋಲ್ಟಿನವರೆಗೆ ಏರಬಲ್ಲದು, ಅದಕ್ಕಿಂತ ಮೇಲೆ ಹೋಗಲಾರದು. ಅಷ್ಟಕ್ಕೆ ಸುಮಾರು 12 ಮೈಕ್ರೊಸೆಕೆಂಡ್ ಬೇಕು.

ಜತೆಗೆ, ಫೀಡ್‌ಬ್ಯಾಕ್ ಇಲ್ಲದೆ ಬಿಟ್ಟ ಆಪ್‌-ಆಂಪ್ ಯಾವಾಗಲೂ ಯಾವುದಾದರೂ ಒಂದು ಗೋಡೆಗೆ ಒರಗಿಯೇ ಇರುತ್ತದೆ. ಅಲ್ಲಿಂದ ಎದ್ದುಬರಲು ಹಿಡಿಯುವ ಸಮಯವನ್ನು ಸಾಮಾನ್ಯವಾಗಿ ಡೇಟಾಶೀಟ್‌ನಲ್ಲಿ ಕೊಟ್ಟಿರುವುದಿಲ್ಲ, ಏಕೆಂದರೆ ಆ ಬಳಕೆಗೆಂದು ಅದನ್ನು ಮಾಡಿಲ್ಲ. ನನ್ನ ಮುಖ್ಯ ತಕರಾರು ಇದೇ. ಎಲ್‌ಎಂ358 ಓಪನ್ ಲೂಪ್‌ನಲ್ಲಿ ಕೆಲಸ ಮಾಡುವುದಿಲ್ಲ ಎನ್ನುವುದು ಸುಳ್ಳು. 50 ಹರ್ಟ್ಸ್‌ಗೆ ಮಾಡುತ್ತದೆ, ನಾನೇ ಮಾಡಿದ್ದೇನೆ. ಆದರೆ ಅದರ ತಡ ಎಷ್ಟು, ಬಿಸಿಯಾದಾಗ ಎಷ್ಟು, ಇನ್ನೊಂದು ಚಿಪ್‌ನಲ್ಲಿ ಎಷ್ಟು ಎಂಬುದಕ್ಕೆ ಯಾರೂ ಭರವಸೆ ಕೊಟ್ಟಿಲ್ಲ. ದೀಪವೊಂದು ಹೊತ್ತಿದರೆ ಸಾಕು ಎನ್ನುವಲ್ಲಿ ಪರವಾಗಿಲ್ಲ. ಕೋನ ಅಳೆಯಬೇಕೆನ್ನುವವರಿಗೆ ಆಗದು. ಇನ್ನು ಎನ್‌ಇ5532ರಂತಹ ಕೆಲವು ಆಪ್‌-ಆಂಪ್‌ಗಳ ಎರಡು ಒಳತುದಿಗಳ ನಡುವೆ ರಕ್ಷಣೆಗೆಂದು ಎದುರುಬದುರಾಗಿ ಡಯೋಡ್‌ಗಳಿರುತ್ತವೆ. ಒಳತುದಿಗಳ ಅಂತರ 0.6 ವೋಲ್ಟ್ ದಾಟಿದ ಕೂಡಲೇ ಒಂದು ತುದಿ ಇನ್ನೊಂದನ್ನು ಎಳೆದಾಡುತ್ತದೆ. ಹೋಲಿಕೆಯ ಬಿಂದುವೇ ಜಾಗ ಬಿಡುತ್ತದೆ. ಎಲ್‌ಎಂ358ರಲ್ಲಿ ಆ ಡಯೋಡ್‌ಗಳಿಲ್ಲದ್ದರಿಂದ ನೀವು ಬಚಾವಾದಿರಿ.

ಕಂಪ್ಯಾರೇಟರ್‌ನಲ್ಲಿ ಆ ಕಡಿವಾಣದ ಕೆಪಾಸಿಟರ್ ಇಲ್ಲ. ಒಂದು ಗೋಡೆಯಿಂದ ಇನ್ನೊಂದಕ್ಕೆ ನೆಗೆಯುವುದೇ ಅದರ ಕಸುಬು. ಎಲ್‌ಎಂ393ರ ಒಳತುದಿಗಳ ನಡುವೆ 5 ಮಿಲಿವೋಲ್ಟ್ ಹೆಚ್ಚುವರಿ ಸಿಕ್ಕರೆ ಅದು ಸುಮಾರು 1.3 ಮೈಕ್ರೊಸೆಕೆಂಡಿನಲ್ಲಿ ತೀರ್ಪು ಕೊಡುತ್ತದೆ. ಅದರ ಹೊರತುದಿ ಓಪನ್ ಕಲೆಕ್ಟರ್: ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು. ಪುಲ್‌-ಅಪ್ ಇಲ್ಲದಾಗ ಹೊರತುದಿ ಸೊನ್ನೆಯಲ್ಲೇ ಕುಳಿತದ್ದಕ್ಕೆ ಇದೇ ಕಾರಣ. ಇದರ ಲಾಭವೂ ಉಂಟು: ಪುಲ್‌-ಅಪ್ ಅನ್ನು ಮೈಕ್ರೊಕಂಟ್ರೋಲರ್‌ನ ಪೂರೈಕೆಗೆ ಕಟ್ಟಿದರೆ ಹೊರತುದಿ ಪೂರ್ತಿ ಅಷ್ಟಕ್ಕೇ ಏರುತ್ತದೆ, 3.5 ವೋಲ್ಟಿನಲ್ಲಿ ಏದುಸಿರು ಬಿಡುವ ಕಥೆಯಿಲ್ಲ.

ಈಗ ನಿಜವಾದ ರೋಗಕ್ಕೆ ಬರೋಣ. ಸೈನ್ ತರಂಗ ಸೊನ್ನೆ ದಾಟುವಾಗ ಅದರ ಇಳಿಜಾರು ಅತಿ ಕಡಿದಾಗಿರುತ್ತದೆ. ಆದರೂ ‘ಕಡಿದು’ ಎಂದರೆ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಸೂತ್ರ ಚಿಕ್ಕದು:

```
slope = 2 × π × f × Vp
```

ನಿಮ್ಮ 1 ವೋಲ್ಟ್ ಪೀಕ್‌ಗೆ ಇದು ಸೆಕೆಂಡಿಗೆ 314 ವೋಲ್ಟ್, ಅಂದರೆ ಮೈಕ್ರೊಸೆಕೆಂಡಿಗೆ ಬರೀ 0.31 ಮಿಲಿವೋಲ್ಟ್. ಬ್ರೆಡ್‌ಬೋರ್ಡಿನಲ್ಲಿ ಉದ್ದುದ್ದ ತಂತಿಗಳಿದ್ದರೆ 10 ಮಿಲಿವೋಲ್ಟ್ ನಾಯ್ಸ್ ದೊಡ್ಡ ವಿಷಯವೇ ಅಲ್ಲ. ಆ 10 ಮಿಲಿವೋಲ್ಟಿನ ಪಟ್ಟಿಯನ್ನು ದಾಟಲು ನಿಮ್ಮ ತರಂಗಕ್ಕೆ 32 ಮೈಕ್ರೊಸೆಕೆಂಡ್ ಬೇಕು. ಅಷ್ಟು ಹೊತ್ತೂ ‘ಮೇಲಿದೆಯೋ ಕೆಳಗಿದೆಯೋ’ ಎಂಬುದನ್ನು ಸೈನ್ ತರಂಗ ತೀರ್ಮಾನಿಸುವುದಿಲ್ಲ, ನಾಯ್ಸ್ ತೀರ್ಮಾನಿಸುತ್ತದೆ. ಒಂದು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ಹೊರಳುವ ಎಲ್‌ಎಂ393ಕ್ಕೆ 32 ಮೈಕ್ರೊಸೆಕೆಂಡ್ ಎಂದರೆ ಹತ್ತಾರು ಸಲ ಮಗ್ಗುಲು ಬದಲಿಸುವಷ್ಟು ಪುರಸೊತ್ತು. ಒಂದು ಮಗ್ಗುಲಿಗೇ 12 ಮೈಕ್ರೊಸೆಕೆಂಡ್ ತೆಗೆದುಕೊಳ್ಳುವ ಎಲ್‌ಎಂ358 ಹೆಚ್ಚೆಂದರೆ ಒಮ್ಮೆ ತಪ್ಪು ಹೆಜ್ಜೆ ಇಟ್ಟೀತು. ನಿಮ್ಮ 53 ಮತ್ತು 300ರ ನಡುವಿನ ಅಂತರ ಹುಟ್ಟಿದ್ದು ಇಲ್ಲಿ.

ಹಾಗಾಗಿ ಮೊದಲು ತೆಗೆದುಹಾಕಬೇಕಾದದ್ದು ಆ ಎರಡು ರೆಸಿಸ್ಟರ್‌ಗಳ ವಿಭಾಜಕವನ್ನು. ಚಿಪ್‌ಗೆ ಪೆಟ್ಟಾಗದಿರಲಿ ಎಂದು ಸಂಕೇತವನ್ನು ಇಳಿಸುವುದು ಸಹಜ. ನಾನೂ ಒಮ್ಮೆ ಹೀಗೆಯೇ ಅರ್ಧ ವೋಲ್ಟಿಗೆ ಇಳಿಸಿಕೊಂಡು ಮೂರು ದಿನ ಚಿಪ್ ಬದಲಿಸುತ್ತಾ ಕುಳಿತಿದ್ದೆ; ಪಕ್ಕದ ಮೇಜಿನಲ್ಲಿ ಬೆಸುಗೆ ಕಡ್ಡಿ ಹಚ್ಚಿದರೆ ನನ್ನ ಎಣಿಕೆ ಏರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ವಿಭಾಜಕ ಇಡೀ ತರಂಗವನ್ನು ಕುಗ್ಗಿಸುತ್ತದೆ, ಸೊನ್ನೆಯ ಬಳಿಯ ಇಳಿಜಾರನ್ನೂ ಸೇರಿಸಿ. ನಮಗೆ ಬೇಡವಾದದ್ದು ತರಂಗದ ನೆತ್ತಿ ಮಾತ್ರ. ಸೊಂಟಕ್ಕೆ ಕೈಹಾಕದೆ ನೆತ್ತಿಯನ್ನು ಮಾತ್ರ ಕತ್ತರಿಸಿದರೆ ಆಯಿತು. ಒಂದು ರೆಸಿಸ್ಟರ್, ಎದುರುಬದುರಾದ ಎರಡು ಡಯೋಡ್ ಆ ಕೆಲಸ ಮಾಡುತ್ತವೆ. ಸಂಕೇತ 0.6 ವೋಲ್ಟಿನ ಆಚೀಚೆ ಹೋದಾಗ ಡಯೋಡ್‌ಗಳು ಹಿಡಿಯುತ್ತವೆ. ಸೊನ್ನೆಯ ಬಳಿ ಅವು ಇಲ್ಲವೇ ಇಲ್ಲ ಎಂಬಂತಿರುತ್ತವೆ. ನಿಮ್ಮ 9 ವೋಲ್ಟಿನ ಪೀಕ್ ಸುಮಾರು 12.7. ಅದನ್ನು ಪೂರ್ತಿ ಉಳಿಸಿಕೊಂಡರೆ ಇಳಿಜಾರು ಮೈಕ್ರೊಸೆಕೆಂಡಿಗೆ 4 ಮಿಲಿವೋಲ್ಟ್. ಅದೇ 10 ಮಿಲಿವೋಲ್ಟಿನ ಪಟ್ಟಿ ಈಗ ಎರಡೂವರೆ ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಲಾಭ ಸಿಗುವುದು ನಾಯ್ಸ್ ನಿಮ್ಮ ಬೋರ್ಡಿನಲ್ಲಿ ಹುಟ್ಟಿದ್ದರೆ ಮಾತ್ರ. ವಿದ್ಯುತ್ ತಂತಿಯಲ್ಲೇ ಕೊಳಕು ಬರುತ್ತಿದ್ದರೆ, ಅಂದರೆ ಡಿಮ್ಮರ್ ಅಥವಾ ಮೋಟಾರಿನ ಕಿಡಿಯಂತಹದ್ದು ಇದ್ದರೆ, ಅದು ಸಂಕೇತದೊಂದಿಗೇ ದೊಡ್ಡದಾಗುತ್ತದೆ. ಅದಕ್ಕೆ ಸೋಸುವುದೇ ದಾರಿ.

ಎರಡನೆಯ ಮದ್ದು ಹಿಸ್ಟರಿಸಿಸ್. ಹೊರತುದಿಯಿಂದ ಧನ ಒಳತುದಿಗೆ ದೊಡ್ಡ ರೆಸಿಸ್ಟರ್ ಒಂದನ್ನು ಕಟ್ಟುತ್ತೇವೆ. ಕಂಪ್ಯಾರೇಟರ್ ಒಮ್ಮೆ ಮಗ್ಗುಲು ಬದಲಿಸಿದ ಕೂಡಲೇ ಹೋಲಿಕೆಯ ಬಿಂದು ತುಸು ದೂರ ಸರಿಯುತ್ತದೆ. ಚಿಕ್ಕಪುಟ್ಟ ನಾಯ್ಸ್‌ಗೆ ಅದು ಎಟುಕುವುದಿಲ್ಲ. 10 ಕಿಲೋಓಮ್ ಮತ್ತು 1 ಮೆಗಾಓಮ್ ಜೋಡಿ ಇಟ್ಟರೆ 5 ವೋಲ್ಟಿನ ನೆಗೆತದಲ್ಲಿ ನೂರರ ಒಂದು ಪಾಲು, ಅಂದರೆ ಸುಮಾರು 50 ಮಿಲಿವೋಲ್ಟ್ ಒಳಗೆ ಮರಳುತ್ತದೆ. ಮಧ್ಯಬಿಂದು 2.5 ವೋಲ್ಟ್ ಆದ್ದರಿಂದ ಮೇಲೆ 25, ಕೆಳಗೆ 25.

‘ಹಿಸ್ಟರಿಸಿಸ್ ಹಾಕಿದರೆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ’ ಎಂಬ ಆಕ್ಷೇಪವನ್ನು ಬಹಳ ಸಲ ಕೇಳಿದ್ದೇನೆ. ಅದು ನಿಜ, ಆದರೆ ಎಷ್ಟು ಎಂಬುದು ಮುಖ್ಯ. ತರಂಗ ಏರುವಾಗಲೂ ಇಳಿಯುವಾಗಲೂ ಹೊರತುದಿ 25 ಮಿಲಿವೋಲ್ಟ್ ತಡವಾಗಿ ಹೊರಳುತ್ತದೆ. ಕುಗ್ಗಿಸಿದ 1 ವೋಲ್ಟಿನ ಸಂಕೇತದಲ್ಲಿ ಆ ತಡ 80 ಮೈಕ್ರೊಸೆಕೆಂಡ್. 50 ಹರ್ಟ್ಸ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 56 ಮೈಕ್ರೊಸೆಕೆಂಡ್. ಹಾಗಾಗಿ ನಿಮ್ಮ ಕೋನ ಒಂದೂವರೆ ಡಿಗ್ರಿಯಷ್ಟು ಜಾರುತ್ತದೆ. ಕುಗ್ಗಿಸದ ಸಂಕೇತದಲ್ಲಿ ಅದೇ 25 ಮಿಲಿವೋಲ್ಟಿಗೆ 6 ಮೈಕ್ರೊಸೆಕೆಂಡ್ ಮಾತ್ರ, ಡಿಗ್ರಿಯ ಹತ್ತನೆಯ ಒಂದು ಪಾಲು. ಎರಡೂ ಮದ್ದುಗಳನ್ನು ಒಟ್ಟಿಗೆ ಕೊಡಬೇಕು ಎನ್ನುವುದು ಇದಕ್ಕಾಗಿಯೇ.

ಅದೂ ಬೇಡ ಎನ್ನುವವರಿಗೆ ಒಂದು ಉಪಾಯವಿದೆ. 1 ಮೆಗಾಓಮ್ ರೆಸಿಸ್ಟರ್‌ನೊಂದಿಗೆ ಸರಣಿಯಲ್ಲಿ 1 ನ್ಯಾನೊಫ್ಯಾರಡ್ ಕೆಪಾಸಿಟರ್ ಸೇರಿಸಿ. ಆಗ ಹೋಲಿಕೆಯ ಬಿಂದು ಸರಿಯುವುದು ಹೊರಳಿದ ಕ್ಷಣದಲ್ಲಿ ಮಾತ್ರ, ಆಮೇಲೆ ಸುಮಾರು 1 ಮಿಲಿಸೆಕೆಂಡಿನ ಲಯದಲ್ಲಿ ಸ್ವಸ್ಥಾನಕ್ಕೆ ಮರಳುತ್ತದೆ. ಮುಂದಿನ ದಾಟು 10 ಮಿಲಿಸೆಕೆಂಡ್ ದೂರದಲ್ಲಿದೆ; ಅಷ್ಟರಲ್ಲಿ ಬಿಂದು ನಿಜವಾದ ಸೊನ್ನೆಯಲ್ಲಿ ಕಾಯುತ್ತಿರುತ್ತದೆ. ಅಪಾಯವೂ ಸ್ಪಷ್ಟ: ವಿದ್ಯುತ್ ಹೋಗಿ ಸಂಕೇತ ನಿಂತರೆ ಈ ಮಂಡಲಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಬರೀ ನಾಯ್ಸ್‌ಗೆ ಕುಣಿಯತೊಡಗುತ್ತದೆ. ನಿಮ್ಮ ಅಗತ್ಯಕ್ಕೆ ಸಾದಾ ರೆಸಿಸ್ಟರ್ ಸಾಕು ಎಂದು ನನ್ನ ಅಭಿಪ್ರಾಯ.

ಹಾಗಿದ್ದರೆ ಮಂಡಲವನ್ನು ಹೀಗೆ ಕಟ್ಟಿ. 5 ವೋಲ್ಟನ್ನು ಎರಡು ಸಮಾನ ರೆಸಿಸ್ಟರ್‌ಗಳಿಂದ ಅರ್ಧ ಮಾಡಿ ಮಧ್ಯಬಿಂದು ಪಡೆಯುತ್ತೀರಿ. ಆದರೆ ಅದನ್ನು ನೇರವಾಗಿ ಬಳಸಬೇಡಿ, ಏಕೆಂದರೆ ಡಯೋಡ್‌ಗಳು ಹಿಡಿದಾಗ ಹರಿಯುವ ಕರೆಂಟ್ ಎಲ್ಲವೂ ಅಲ್ಲಿಗೇ ಬರುತ್ತದೆ. 10 ಕಿಲೋಓಮ್ ರೆಸಿಸ್ಟರ್ ಇದ್ದರೆ ಅದು ನೆತ್ತಿಯಲ್ಲಿ 1.2 ಮಿಲಿಆಂಪಿಯರ್, ಬಡಪಾಯಿ ವಿಭಾಜಕ ವೋಲ್ಟುಗಟ್ಟಲೆ ತೂಗಾಡುತ್ತದೆ. ಇಲ್ಲಿಗೆ ನೀವು ಕಿತ್ತಿಟ್ಟ ಎಲ್‌ಎಂ358 ಬೇಕು. ಅದರ ಹೊರತುದಿಯನ್ನು ಋಣ ಒಳತುದಿಗೆ ಕಟ್ಟಿ, ಧನ ಒಳತುದಿಗೆ ಮಧ್ಯಬಿಂದುವನ್ನು ಕೊಟ್ಟರೆ ಅದು 2.5 ವೋಲ್ಟನ್ನು ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಫೀಡ್‌ಬ್ಯಾಕ್ ಸಹಿತ, ಗೋಡೆಗೆ ಒರಗದೆ, ಅದು ಹುಟ್ಟಿದ ಕೆಲಸಕ್ಕೆ.

ಒಂದು ಸೂಕ್ಷ್ಮವನ್ನು ಇಲ್ಲಿ ಬಿಡಬಾರದು. ಎಲ್‌ಎಂ358ರ ಹೊರತುದಿ ಕರೆಂಟನ್ನು ಕೊಡುವುದರಿಂದ ತೆಗೆದುಕೊಳ್ಳುವುದಕ್ಕೆ ಬದಲಾಗುವಾಗ ಒಂದು ಚಿಕ್ಕ ಮುಗ್ಗರಿಕೆ ಇದೆ. ನಮ್ಮ ದುರದೃಷ್ಟಕ್ಕೆ ಆ ಬದಲಾವಣೆ ನಡೆಯುವುದು ಸರಿಯಾಗಿ ಸೊನ್ನೆ ದಾಟುವ ಗಳಿಗೆಯಲ್ಲಿ! ಹೊರತುದಿಯಿಂದ ಗ್ರೌಂಡಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ. ಅದರಲ್ಲಿ ಸದಾ 2.5 ಮಿಲಿಆಂಪಿಯರ್ ಹರಿಯುತ್ತದೆ. ಸಂಕೇತದ 1.2 ಮಿಲಿಆಂಪಿಯರ್ ಯಾವ ದಿಕ್ಕಿಗೆ ಹರಿದರೂ ಚಿಪ್ ಕೊಡುವ ಸ್ಥಿತಿಯಲ್ಲೇ ಇರುತ್ತದೆ, ಮುಗ್ಗರಿಸುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಸುರುಳಿಯ ಒಂದು ತುದಿ ಈ 2.5 ವೋಲ್ಟಿಗೆ ಸೇರಲಿ. ಇನ್ನೊಂದು ತುದಿ 10 ಕಿಲೋಓಮ್ ಮೂಲಕ ಎಲ್‌ಎಂ393ರ ಋಣ ಒಳತುದಿಗೆ ಬರಲಿ. ಆ ಒಳತುದಿ ಮತ್ತು 2.5 ವೋಲ್ಟಿನ ನಡುವೆ ಎದುರುಬದುರಾಗಿ ಎರಡು 1ಎನ್4148 ಡಯೋಡ್, ಅವುಗಳಿಗೆ ಸಮಾಂತರವಾಗಿ 1 ನ್ಯಾನೊಫ್ಯಾರಡ್. ಧನ ಒಳತುದಿಗೆ 2.5 ವೋಲ್ಟಿನಿಂದ 10 ಕಿಲೋಓಮ್, ಹೊರತುದಿಯಿಂದ 1 ಮೆಗಾಓಮ್. ಪುಲ್‌-ಅಪ್ 4.7 ಕಿಲೋಓಮ್. ಚಿಪ್‌ನ ಪೂರೈಕೆಯ ಕಾಲಿಗೆ ಅಂಟಿಕೊಂಡಂತೆ 100 ನ್ಯಾನೊಫ್ಯಾರಡ್ ಇರಲಿ. ಸಂಕೇತ ಋಣ ಒಳತುದಿಗೆ ಬಂದಿರುವುದರಿಂದ ಹೊರತುದಿ ತಲೆಕೆಳಗಾಗಿರುತ್ತದೆ: ತರಂಗ ಮೇಲಿದ್ದಾಗ ಅದು ಸೊನ್ನೆ.

1 ನ್ಯಾನೊಫ್ಯಾರಡ್ ಕೆಪಾಸಿಟರ್ ಸುಮಾರು 16 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಸೋಸಿ, 10 ಮೈಕ್ರೊಸೆಕೆಂಡಿನಷ್ಟು ತಡ ಕೂಡಿಸುತ್ತದೆ. ವಿದ್ಯುತ್ ತಂತಿಯ ಕೊಳಕು ಹೆಚ್ಚಾಗಿದ್ದರೆ ಅದನ್ನು ದೊಡ್ಡದು ಮಾಡಬಹುದು. ತಡ ಅದರೊಂದಿಗೇ ಬೆಳೆಯುತ್ತದೆ, ಆದರೆ ಅದು ನಿಶ್ಚಿತ ತಡವಾದ್ದರಿಂದ ಪ್ರೋಗ್ರಾಮಿನಲ್ಲಿ ಕಳೆಯಬಹುದು. ಇನ್ನೊಂದು ಮಾತು. ಈ ಸುರುಳಿ ಅಳತೆಗೆ ಮಾತ್ರ ಮೀಸಲಾಗಿರಬೇಕು. ಅದೇ ಸುರುಳಿಯಿಂದ ಬ್ರಿಡ್ಜ್ ಡಯೋಡ್ ಮೂಲಕ ಬೋರ್ಡಿನ 5 ವೋಲ್ಟನ್ನೂ ಪಡೆಯುತ್ತಿದ್ದರೆ ಅದರ ತುದಿಯನ್ನು ಹೀಗೆ ಕಟ್ಟುವಂತಿಲ್ಲ. ಆಗ ತುದಿ ಗ್ರೌಂಡಿಗಿಂತ 0.7 ವೋಲ್ಟ್ ಕೆಳಗೂ ಇಳಿಯುತ್ತದೆ. ಎಲ್‌ಎಂ393ರ ಒಳತುದಿ 0.3 ವೋಲ್ಟಿಗಿಂತ ಹೆಚ್ಚು ಕೆಳಗಿಳಿದರೆ ಅದರ ಹೊರತುದಿಯ ಮಾತನ್ನು ನಂಬುವಂತಿಲ್ಲ. ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು ವಿದ್ಯುತ್ ತಂತಿಯನ್ನು ರೆಸಿಸ್ಟರ್ ಮೂಲಕ ನೇರವಾಗಿ ತರುವ ಆಲೋಚನೆ ಬಂದರೆ ಅದನ್ನು ಅಲ್ಲೇ ಕೈಬಿಡಿ. ನಿಮ್ಮ ಕೈ, ಕಂಪ್ಯೂಟರ್, ಮೈಕ್ರೊಕಂಟ್ರೋಲರ್ ಮೂರೂ ಆ ತಂತಿಗೆ ಕಟ್ಟಿಕೊಂಡಂತಾಗುತ್ತದೆ.

ಕಟ್ಟಿದ ಮೇಲೆ ಒಟ್ಟು ಎಣಿಕೆಯನ್ನು ನೋಡಬೇಡಿ, ಅದು ರೋಗದ ಹೆಸರು ಹೇಳುವುದಿಲ್ಲ. ಹೊರತುದಿ ಒಮ್ಮೆ ಹೊರಳಿದ್ದರಿಂದ ಮತ್ತೆ ಹೊರಳುವವರೆಗಿನ ಸಮಯಗಳನ್ನು ಮೈಕ್ರೊಕಂಟ್ರೋಲರ್‌ನ ಟೈಮರ್‌ನಿಂದ ಹಿಡಿದು ಇನ್ನೂರು ಸಾಲು ಮುದ್ರಿಸಿ. ಎಲ್ಲವೂ 10,000 ಮೈಕ್ರೊಸೆಕೆಂಡಿನ ಬಳಿ ಇರಬೇಕು. ನಡುನಡುವೆ 3, 11, 7 ಎಂದು ಅಡ್ಡಾದಿಡ್ಡಿ ಚಿಲ್ಲರೆ ಕಂಡರೆ ನಾಯ್ಸ್ ಹಿಸ್ಟರಿಸಿಸ್ ಅನ್ನು ಮೀರಿದೆ ಎಂದು ಅರ್ಥ. ಚಿಲ್ಲರೆ ಸಂಖ್ಯೆಗಳು ಒಂದೇ ಸಮನಾಗಿದ್ದರೆ, 2, 2, 2 ಎಂಬಂತೆ, ಅದು ನಾಯ್ಸ್ ಅಲ್ಲ. ಹೊರತುದಿಯ ನೆಗೆತ ತಂತಿಗಳ ಮೂಲಕ ಒಳತುದಿಗೆ ಸೋರಿ ಕಂಪ್ಯಾರೇಟರ್ ತಾನೇ ಕಂಪಿಸುತ್ತಿದೆ. ಹೊರತುದಿಯ ತಂತಿಯನ್ನು ಒಳತುದಿಗಳಿಂದ ದೂರ ಒಯ್ಯಿರಿ, ಆ 100 ನ್ಯಾನೊಫ್ಯಾರಡ್ ನಿಜವಾಗಿಯೂ ಚಿಪ್‌ನ ಬುಡದಲ್ಲಿದೆಯೇ ನೋಡಿ. ಚಿಲ್ಲರೆ ಇಲ್ಲದೆ, 9,990 ಮತ್ತು 10,010 ಎಂದು ಒಂದು ಬಿಟ್ಟು ಒಂದು ಬಂದರೆ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಸಮಯ ಸಮವಿಲ್ಲ. ಹೋಲಿಕೆಯ ಬಿಂದು ಒಂದು ಬದಿಗೆ ಸರಿದಿದೆ. ಕಂಪ್ಯಾರೇಟರ್‌ನ ಒಳಗಿನ ಆಫ್‌ಸೆಟ್ ಹೆಚ್ಚೆಂದರೆ ಕೆಲವು ಮಿಲಿವೋಲ್ಟ್, ಈ ಇಳಿಜಾರಿನಲ್ಲಿ ಅದು ಒಂದೆರಡು ಮೈಕ್ರೊಸೆಕೆಂಡಿಗಿಂತ ಹೆಚ್ಚಾಗದು. ಅದಕ್ಕಿಂತ ದೊಡ್ಡ ವ್ಯತ್ಯಾಸಕ್ಕೆ ಮಧ್ಯಬಿಂದುವನ್ನು ಅನುಮಾನಿಸಿ.

‘ಒಮ್ಮೆ ಹೊರಳಿದ ಮೇಲೆ 5 ಮಿಲಿಸೆಕೆಂಡ್ ಏನನ್ನೂ ಎಣಿಸಬೇಡ’ ಎಂದು ಪ್ರೋಗ್ರಾಮಿನಲ್ಲಿ ಬರೆದರೆ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ಎಣಿಕೆ 50ಕ್ಕೆ ಬಂದು ನಿಲ್ಲುತ್ತದೆ, ಸರಿ. ಆದರೆ ನಾಯ್ಸ್‌ನ ಪಟ್ಟಿಯಲ್ಲಿ ಮೊದಲು ಬಂದ ಹೊರಳೇ ನಿಮ್ಮ ಸೊನ್ನೆಯಾಗುತ್ತದೆ, ಅದು ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತದೆ. ಆವರ್ತ ಎಣಿಸಲು ಇದು ಸಾಕು, ಕೋನ ಅಳೆಯಲು ಸಾಲದು. ಮಂಡಲ ಸರಿಯಾದ ಮೇಲೆ ಕಾವಲಿಗೆಂದು ಇಟ್ಟುಕೊಳ್ಳಿ.

ಕೊನೆಗೆ, ನೀವು ಕೇಳದ ಆದರೆ ನಿಮ್ಮನ್ನು ಕಾಡಲಿರುವ ವಿಷಯ. ನಾವು ಇಷ್ಟು ಹೊತ್ತು 6 ಮೈಕ್ರೊಸೆಕೆಂಡಿಗೆ ಜಗಳವಾಡಿದೆವು. ನಿಮ್ಮ ಚಿಕ್ಕ ಟ್ರಾನ್ಸ್‌ಫಾರ್ಮರ್ ಒಂದೇ ಕೆಲವು ಡಿಗ್ರಿಗಳಷ್ಟು ಕೋನ ತಪ್ಪಿಸಬಲ್ಲದು, ಅಂದರೆ ನೂರಾರು ಮೈಕ್ರೊಸೆಕೆಂಡ್. ಕರೆಂಟ್ ಅಳೆಯುವ ಸಾಧನವೂ ತನ್ನ ಪಾಲು ಸೇರಿಸುತ್ತದೆ. ಇದನ್ನು ತೆಗೆಯಲು ಬುರುಡೆ ದೀಪ ಅಥವಾ ಕಾಯಿಸುವ ತಂತಿಯ ಹೀಟರ್ ಒಂದನ್ನು ಹೊರೆಯಾಗಿ ಹಚ್ಚಿ. ಅಂತಹ ಹೊರೆಯಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೇ ಸೊನ್ನೆ ದಾಟುತ್ತವೆ. ನಿಮ್ಮ ಯಂತ್ರ ಆಗ ತೋರಿಸುವ ಅಂತರವೆಲ್ಲ ಅಳತೆಯ ದೋಷವೇ. ಟ್ರಾನ್ಸ್‌ಫಾರ್ಮರ್, ಸೋಸುಕ, ಹಿಸ್ಟರಿಸಿಸ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮುಂದಿನ ಪ್ರತಿ ಅಳತೆಯಿಂದ ಕಳೆಯಿರಿ. ಟ್ರಾನ್ಸ್‌ಫಾರ್ಮರ್ ಬದಲಿಸಿದ ದಿನ ದೀಪವನ್ನು ಮತ್ತೆ ಹಚ್ಚಬೇಕಾಗುತ್ತದೆ.